ಮುಖ ಬೇರೆ, ಕೈ ಆಕೆಯದೇ

ಕಳೆದ ಫೆಬ್ರವರಿಯಲ್ಲಿ ಇಂಡಿ ಪಟ್ಟಣದ ಒಂದು ವಿಡಿಯೋ ಸ್ಟುಡಿಯೋದಲ್ಲಿ, ನಿಂಬೆಹಣ್ಣು ಆರಿಸುವ ಕೂಲಿಯ ಹೆಂಗಸೊಬ್ಬಳು ತನ್ನ ಸಂದರ್ಶನವನ್ನು ಬೇರೊಂದು ಮುಖದಲ್ಲಿ ನೋಡಿದಳು.

ತಾನು ದುಡಿಯುವ ನಿಂಬೆ ಗೋದಾಮಿನ ಮೇಸ್ತ್ರಿ ಹೆಣ್ಣಾಳುಗಳ ಮೈಮೇಲೆ ಕೈ ಹಾಕುತ್ತಾನೆಂದು ಆಕೆ ಸುದ್ದಿವಾಹಿನಿಯ ವರದಿಗಾರನಾದ ನನಗೆ ಹೇಳಿದ್ದಳು. ಗುರುತು ಸಿಕ್ಕರೆ ಕೆಲಸ ಹೋಗುತ್ತಿತ್ತು. ಮುಖಕ್ಕೆ ಕಪ್ಪು ಪಟ್ಟಿ ಹಾಕುತ್ತೇವೆಂದಾಗ ಆಕೆ ಒಪ್ಪಿರಲಿಲ್ಲ.

"ಕಳವು ಮಾಡಿ ಸಿಕ್ಕವರಿಗೆ ಹಂಗ ಹಾಕ್ತಾರ್ರಿ ಅಣ್ಣಾರ. ನನಗ್ಯಾಕ?"

ಹಾಗಾಗಿ ಕಂಪ್ಯೂಟರ್ ಸೃಷ್ಟಿಸಿದ, ಯಾರದೂ ಅಲ್ಲದ ಮುಖವನ್ನು ಕೂಡಿಸುವುದೆಂದು ತೀರ್ಮಾನವಾಯಿತು. ಮುಖ, ದನಿ ಬದಲಿಸಲಾಗಿದೆ ಎಂಬ ಸಾಲು ತೆರೆಯ ಕೆಳಗೆ ಇರುತ್ತದೆ.

ಸ್ಟುಡಿಯೋದವ ಮದುವೆ ವಿಡಿಯೋ ಕತ್ತರಿಸಿ ಕೈ ಪಳಗಿಸಿಕೊಂಡವ. ಮೊದಲ ಸಲ ಹೊಸ ತುಟಿ ಆಕೆ ಬಾಯಿಗೆ ಅಡ್ಡ ತಂದ ಬೆರಳುಗಳ ಮೇಲೆಯೇ ಮೂಡಿತು, ಮೈಕಿನ ತುದಿ ಗಲ್ಲದೊಳಗೆ ಕರಗಿತು. "ಅಕ್ಕಾರು ಮೈಕ್ ತಿನ್ನಾಕತ್ತಾರ ನೋಡ್ರಿ," ಅಂದ. ಆಮೇಲೆ ಕಂಪ್ಯೂಟರಿನಲ್ಲಿ ಮಾಸ್ಕ್ ಎಂಬ ಮರೆ ಹಾಕಿದ. ವಿಡಿಯೋದ ಪ್ರತಿ ಫ್ರೇಮಿಗೂ ಒಂದು ಕಪ್ಪು-ಬಿಳಿ ಚಿತ್ರ. ಬಿಳಿ ಇದ್ದಲ್ಲಿ ಹೊಸ ಮುಖ ಕೂಡುತ್ತದೆ. ಮುಖದ ಮುಂದೆ ಬಂದ ಕೈ, ಮೈಕು ಕಪ್ಪಾಗುತ್ತವೆ. ಅಲ್ಲಿ ಕ್ಯಾಮೆರಾ ಹಿಡಿದದ್ದು ಹಾಗೇ ಉಳಿಯುತ್ತದೆ. ಬೆರಳ ಸಂದಿಗಳಲ್ಲಿ ತಪ್ಪಿದ್ದನ್ನು ಅವನೇ ಕೂತು ತಿದ್ದಿದ. ಕೆಲಸ ನುಣುಪಾಗಿತ್ತು.

ಆಕೆ ಸ್ಟೂಲಿನ ಮೇಲೆ ಕೂತು ಕೊನೆತನಕ ನೋಡಿದಳು. ಅತಿ ಕಷ್ಟದ ಮಾತು ಬಂದಾಗ ತೆರೆಯ ಮೇಲಿನ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ನಾಚಿಕೆಯ ಮಾತನ್ನು ನಮ್ಮ ಕಡೆ ಹೆಂಗಸರು ಹಾಗೇ ಆಡುತ್ತಾರೆ.

"ಮಾರಿ ನಂದಲ್ರಿ. ಕೈ ನಂದ ಐತಲ್ಲ!"

ಕಬ್ಬು ಕಡಿಯುವಾಗ ಅರ್ಧ ಹೋದ ಕಿರುಬೆರಳು ಸ್ಪಷ್ಟವಾಗಿ ಕಾಣುತ್ತಿತ್ತು. ಮಾಸ್ಕ್ ಅದನ್ನೇ ಜೋಪಾನವಾಗಿ ಉಳಿಸಿತ್ತು.

ಸ್ಟುಡಿಯೋದವ ಕೈಯನ್ನು ಮಸುಕು ಮಾಡಿ ತೋರಿಸಿದ. ಮೋಟು ಬೆರಳಿನ ಆಕಾರ ಹೋಗಲಿಲ್ಲ. ಮಾಸ್ಕ್ ತೆಗೆದರೆ ಮತ್ತೆ ಬೆರಳ ಮೇಲೆ ತುಟಿ.

"ಕೈ ಕೆಳಗಿಟ್ಟು ಇನ್ನೊಮ್ಮೆ ಹೇಳ್ತೀರೇನವಾ?" ಎಂದು ಕೇಳಿದೆ.

ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿದೆವು. ಆಕೆ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡಳು. ಉಳಿದದ್ದೆಲ್ಲ ಹೇಳಿದಳು. ಆ ಕಷ್ಟದ ಮಾತಿನ ಹತ್ತಿರ ಬಂದು ತಡೆದಳು.

"ಅದು ಬ್ಯಾಡ ಬಿಡ್ರಿ."

"ಮನ್ಯಾಗ ಯಾರಿಗರ ಹೇಳೀರೇನು?" ಎಂದೆ.

"ನಿಮಗಷ್ಟ ಹೇಳೀನ್ರಿ. ಈಗ ಆ ಕಂಪ್ಯೂಟರಿಗೂ."

ಬಸ್ ಸ್ಟ್ಯಾಂಡಿನಲ್ಲಿ ತನ್ನ ಪಕ್ಕ ನಿಲ್ಲಬೇಡಿ ಎಂದಳು. ದೂರದಲ್ಲಿ ನಿಂತೆ. ಆಕೆ ಊರಿನ ಟೆಂಪೋ ಹತ್ತಿದ ಮೇಲೆ ನಾನು ಸಿಂದಗಿಯ ಬಸ್ಸು ಹತ್ತಿದೆ. ನನ್ನ ಬಾಡಿಗೆ ಕೋಣೆಯಲ್ಲಿ ಮೊದಲಿನ ರೆಕಾರ್ಡಿಂಗನ್ನು ಮತ್ತೆ ಹಾಕಿದೆ. ಆ ಮಾತು ಬಂತು. ಪಕ್ಕದಲ್ಲಿ ಕೇಳುವವರು ಯಾರೂ ಇರಲಿಲ್ಲ.

ಎರಡನೆಯ ಸಲದ ಸಂದರ್ಶನ ಪ್ರಸಾರವಾಯಿತು. ಮೇಸ್ತ್ರಿಯನ್ನು ಬೇರೆ ಗೋದಾಮಿಗೆ ಕಳಿಸಿದ್ದಾರೆ. ಆಕೆ ಅಲ್ಲೇ ನಿಂಬೆ ಆರಿಸುತ್ತಿದ್ದಾಳೆ. ಆ ಮಾತು ಪ್ರಸಾರವಾಗಿಲ್ಲ.