ಮೂರನೆಯ ಕಾರಣ

ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್ ಆಗಿ ಒಂಬತ್ತು ವರ್ಷ ಕಳೆದಿದ್ದೆ. ಗಂಡಸರ ವಾರ್ಡಿನ ಇನ್‌ಚಾರ್ಜ್ ಹುದ್ದೆ ಖಾಲಿಯಾದಾಗ ಅರ್ಜಿ ಹಾಕಿದೆ, ಸಂದರ್ಶನಕ್ಕೂ ಹೋದೆ. ಹುದ್ದೆ ನನಗಿಂತ ಮೂರು ವರ್ಷ ಕಿರಿಯಳಾದ ಒಬ್ಬಳಿಗೆ ಹೋಯಿತು. ಅವಳಿಗೆ ರಕ್ತನಾಳಕ್ಕೆ ಕ್ಯಾನುಲಾ ಹಾಕುವುದನ್ನು ಕಲಿಸಿದವಳೇ ನಾನು. ನನಗೆ ಬಂದದ್ದು ಒಂದು ಲಕೋಟೆ. ಒಳಗಿದ್ದ ಪತ್ರ ಎರಡೇ ಸಾಲು: ಆಡಳಿತ ಮಂಡಳಿಯ ತೀರ್ಮಾನದಂತೆ ಈ ಬಾರಿ ನಿಮ್ಮನ್ನು ಬಡ್ತಿಗೆ ಪರಿಗಣಿಸಲಾಗಿಲ್ಲ, ಮುಂದೆಯೂ ಇದೇ ಉತ್ಸಾಹದಿಂದ ಸೇವೆ ಸಲ್ಲಿಸಬೇಕು.

ಆ ‘ಉತ್ಸಾಹ’ ಎಂಬ ಮಾತೇ ನನ್ನನ್ನು ಕೆರಳಿಸಿತು. ಡ್ಯೂಟಿ ಮುಗಿದ ಕೂಡಲೇ ಪತ್ರ ಹಿಡಿದು ನರ್ಸಿಂಗ್ ಸೂಪರಿಂಟೆಂಡೆಂಟರ ಕೋಣೆಗೆ ಹೋದೆ. ಅವರು ಹುನಗುಂದದ ಕಡೆಯವರು, ನಿವೃತ್ತಿಗೆ ಹತ್ತಿರ ಬಂದವರು, ಅಳೆದು ಮಾತಾಡುವವರು.

“ಮೇಡಂ, ಇದರಾಗ ಕಾರಣ ಇಲ್ರಿ,” ಎಂದೆ.

“ಆಡಳಿತಾಧಿಕಾರಿ ಬರದದ್ದು. ಎಲ್ಲಾರಿಗೂ ಹಂಗ ಕೊಡ್ತಾರ.”

“ಎಲ್ಲಾರೂ ಸುಮ್ಮಿರಬಹುದು. ನನಗ ಕಾರಣ ಬೇಕ್ರಿ. ಬರವಣಿಗಿ ಒಳಗ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಬರದ್ರ ಎಲ್ಲಾ ಬರೀಬೇಕಾಗ್ತೈತಿ. ನಿನಗ ರುಚಿಸಂಗಿಲ್ಲ.”

“ರುಚಿಸೋದು ಬಿಡ್ರಿ. ಬರೀರಿ.”

ನಾಲ್ಕು ದಿನ ಬಿಟ್ಟು ಎರಡನೆಯ ಪತ್ರ ಬಂತು. ಪೂರಾ ಒಂದು ಪುಟ, ಕೆಳಗೆ ಅವರದೇ ಸಹಿ. ಮೊದಲ ಸಾಲಿನಲ್ಲೇ ಈ ಸಲ ಬಡ್ತಿ ಇಲ್ಲ ಎಂದು ಸುತ್ತಿ ಬಳಸದೆ ಹೇಳಿದ್ದರು. ರೋಗಿಗಳ ಆರೈಕೆಯಲ್ಲಿ ನನ್ನ ಕೆಲಸ ಇನ್‌ಚಾರ್ಜ್ ಹುದ್ದೆಗೆ ತಕ್ಕದ್ದೇ ಆಗಿದೆ ಎಂದೂ ಬರೆದಿದ್ದರು. ಆಮೇಲೆ ಕಾರಣಗಳು ಬಂದವು. ಒಂದು, ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ವಾರ್ಡಿನ ಡ್ಯೂಟಿ ಪಟ್ಟಿ ತಯಾರಿಸಿಲ್ಲ, ಹೇಳಿದಾಗಲೂ ಬೇಡವೆಂದಿದ್ದೇನೆ. ಎರಡು, ತುರ್ತು ಔಷಧಗಳ ಟ್ರಾಲಿಯ ತಪಾಸಣೆಯಲ್ಲಿ ಅವಧಿ ಮೀರಿದ ಅಡ್ರಿನಲಿನ್ ಸಿಕ್ಕಿತ್ತು. ಅದರ ಹಿಂದಿನ ಮೂರು ದಿನವೂ ‘ಪರಿಶೀಲಿಸಿದೆ’ ಎಂಬಲ್ಲಿ ನನ್ನ ಸಹಿ ಇತ್ತು. ಮೂರು, ವೈದ್ಯರೊಂದಿಗೆ ಅಸಹಕಾರ, ಒಂದು ದೂರು ಬಂದಿದೆ.

ಆ ಶನಿವಾರ ಗುಳೇದಗುಡ್ಡದ ತವರುಮನೆಗೆ ಹೋದೆ. ಅವ್ವ ಮಗ್ಗದ ಮೇಲೆ ಕುಳಿತು ಖಣ ನೇಯುತ್ತಿದ್ದಳು. ಅವಳ ಪಕ್ಕದಲ್ಲೇ ಕುಳಿತು ಪತ್ರವನ್ನು ಜೋರಾಗಿ ಓದಿದೆ. ಪ್ರತಿ ಸಾಲಿಗೂ “ಸುಳ್ಳು” ಎನ್ನುತ್ತಾ ಹೋದೆ. ಅವ್ವ ಲಾಳಿ ನಿಲ್ಲಿಸಿದಳು.

“ಆ ಔಷಧದ್ದೂ ಸುಳ್ಳಾ?”

ಪತ್ರ ಮಡಚಿದೆ. ಆ ಮೂರು ದಿನ ವಾರ್ಡು ತುಂಬಿ ತುಳುಕಿತ್ತು. ಟ್ರಾಲಿಯ ಮೇಲಿನ ಡ್ರಾಯರ್ ಎಳೆದು ನೋಡಿ, ಕೆಳಗಿನದನ್ನು ನೋಡದೆ ಸಹಿ ಹಾಕಿದ್ದೆ. ಯಾರಿಗೂ ಏನೂ ಆಗಲಿಲ್ಲ ನಿಜ. ಆಗಬಹುದಿತ್ತು.

“ಅದು ಖರೆ,” ಎಂದೆ.

“ಹಂಗಾರ ಸುಳ್ಳು ಯಾವುದೈತಿ, ಅದನ್ನಷ್ಟ ಹಿಡಿ. ಎಲ್ಲಾ ಸುಳ್ಳಂದ್ರ ನಿನ್ನ ಮಾತು ಯಾರು ಕೇಳ್ತಾರ?” ಎಂದು ಅವ್ವ ಮತ್ತೆ ಲಾಳಿ ತಳ್ಳಿದಳು.

ಸುಳ್ಳಾಗಿದ್ದುದು ಮೂರನೆಯದು. ಆ ದೂರು ಯಾವುದೆಂದು ನನಗೆ ಗೊತ್ತಿತ್ತು. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಹೊಸದಾಗಿ ದಾಖಲಾದ ರೋಗಿಯೊಬ್ಬ ಗದ್ದಲ ಮಾಡುತ್ತಿದ್ದ. ಆತನನ್ನು ಇನ್ನೂ ನೋಡಿರದ ವೈದ್ಯರೊಬ್ಬರು ಹೊರಗಿನಿಂದ ಫೋನ್ ಮಾಡಿ, ಮಂಪರು ಬರುವ ಇಂಜೆಕ್ಷನ್ ಕೊಟ್ಟುಬಿಡು ಎಂದರು. ಜೀವಕ್ಕೆ ಅಪಾಯವಿದ್ದು ವೈದ್ಯರು ಸಿಗದಿದ್ದರೆ ಮಾತ್ರ ಫೋನಿನ ಆದೇಶ ಪಾಲಿಸಬೇಕೆಂಬುದು ನಮ್ಮ ಆಸ್ಪತ್ರೆಯದೇ ನಿಯಮ. ಡ್ಯೂಟಿ ಡಾಕ್ಟರ್ ಕೆಳಗಿನ ಮಹಡಿಯಲ್ಲೇ ಇದ್ದರು. “ಡ್ಯೂಟಿ ಡಾಕ್ಟರ್ ಬಂದು ನೋಡಿ ಬರೀಲಿ ಸರ್, ಕೊಡ್ತೇನಿ,” ಎಂದಿದ್ದೆ. ಅವರು ಬಂದು ನೋಡಿದರೆ ರೋಗಿಯ ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದಿತ್ತು. ಗ್ಲೂಕೋಸ್ ಕೊಟ್ಟ ಮೇಲೆ ಆತ ಗದ್ದಲ ನಿಲ್ಲಿಸಿ ಚಹಾ ಕೇಳಿದ. ಆ ಫೋನು, ನನ್ನ ಉತ್ತರ, ಡ್ಯೂಟಿ ಡಾಕ್ಟರ್ ಬಂದ ಹೊತ್ತು ಎಲ್ಲವನ್ನೂ ಆಗಲೇ ನರ್ಸಿಂಗ್ ದಾಖಲೆಯಲ್ಲಿ ಬರೆದಿದ್ದೆ.

ಸೋಮವಾರ ಉತ್ತರ ಕೊಟ್ಟೆ. ಮೊದಲ ಎರಡು ಕಾರಣಗಳನ್ನು ಒಪ್ಪುತ್ತೇನೆ, ಮೂರನೆಯದನ್ನು ಒಪ್ಪುವುದಿಲ್ಲ, ಆ ದಿನದ ದಾಖಲೆ ತೆಗೆಸಿ ನೋಡಿ ಆ ಸಾಲನ್ನು ತೆಗೆಯಬೇಕು ಎಂದು ಬರೆದೆ. ಆಡಳಿತಾಧಿಕಾರಿ ಕರೆಸಿದರು. “ಒಂದು ಸಾಲಿಗೆ ಇಷ್ಟು ಹಟ ಯಾಕ್ರಿ ಸಿಸ್ಟರ್? ಆ ಡಾಕ್ಟರ್ ಕಡೆಯಿಂದ ನಮಗ ಎಷ್ಟು ಪೇಷಂಟ್ ಬರ್ತಾರ, ಗೊತ್ತೈತಿಲ್ಲೋ?”

“ಗೊತ್ತೈತ್ರಿ. ಆ ಸಾಲು ನನ್ನ ಫೈಲಿನ್ಯಾಗ ಕೂಡ್ತೈತಿ, ಅವರ ಫೈಲಿನ್ಯಾಗ ಅಲ್ಲ,” ಎಂದೆ. ಕುರ್ಚಿ ತೋರಿಸಿದರೂ ಕೂರಲಿಲ್ಲ.

ಸೂಪರಿಂಟೆಂಡೆಂಟರು ದಾಖಲೆ ತರಿಸಿ ತಾವೇ ಓದಿದರು. ವಾರದೊಳಗೆ ತಿದ್ದಿದ ಪತ್ರ ಬಂತು. ಮೂರನೆಯ ಕಾರಣ ಇರಲಿಲ್ಲ. ಆ ದೂರನ್ನು ಪರಿಶೀಲಿಸಿ ಕೈಬಿಡಲಾಗಿದೆ, ಹಿಂದಿನ ಪತ್ರವನ್ನು ಹಿಂಪಡೆಯಲಾಗಿದೆ ಎಂಬ ಸಾಲಿತ್ತು. ಹುದ್ದೆ ಮಾತ್ರ ತಿರುಗಿ ಬರಲಿಲ್ಲ. ಉಳಿದೆರಡು ಕಾರಣ ಅಲ್ಲೇ ಇದ್ದವು. ಅವುಗಳ ಕೆಳಗೆ ಮುಂದಿನ ದಾರಿ. ಎರಡು ತಿಂಗಳು ಈಗಿನ ಇನ್‌ಚಾರ್ಜ್ ಜೊತೆ ಕುಳಿತು ಡ್ಯೂಟಿ ಪಟ್ಟಿ ತಯಾರಿಸಬೇಕು, ಮೂರನೆಯ ತಿಂಗಳಿಂದ ಒಬ್ಬಳೇ. ಆರು ತಿಂಗಳು ಟ್ರಾಲಿಯ ತಪಾಸಣೆಯ ಹೊಣೆ ನನ್ನದು. ಸೂಪರಿಂಟೆಂಡೆಂಟರು ಹೇಳದೆ ಬಂದು ನೋಡುತ್ತಾರೆ. ಇನ್‌ಚಾರ್ಜ್ ರಜೆಯಲ್ಲಿದ್ದಾಗ ವಾರ್ಡು ನಾನೇ ನಡೆಸಬೇಕು. ಮೂರು ತಿಂಗಳಿಗೊಮ್ಮೆ ಸೂಪರಿಂಟೆಂಡೆಂಟರ ಜೊತೆ ಕುಳಿತು ಮಾತಾಡುವುದು, ಏನು ಆಯಿತು ಏನು ಆಗಲಿಲ್ಲ ಎಂದು ಇಬ್ಬರೂ ಸಹಿ ಹಾಕುವುದು. ಕೊನೆಗೆ: ಇದು ಬಡ್ತಿಯ ಭರವಸೆಯಲ್ಲ, ಮುಂದಿನ ಸುತ್ತಿನಲ್ಲಿ ಹುದ್ದೆ ಖಾಲಿಯಿದ್ದರೆ ನಿಮ್ಮನ್ನು ಈ ಅಂಶಗಳ ಮೇಲೆಯೇ ಅಳೆಯಲಾಗುವುದು.

ಭರವಸೆಯಲ್ಲ ಎಂಬ ಮಾತು ನನಗೆ ಹಿಡಿಸಿತು. ಸುಳ್ಳು ಆಸೆ ತೋರಿಸಿದ್ದರೆ ಕೆಲಸ ಬಿಟ್ಟುಬಿಡುತ್ತಿದ್ದೆನೋ ಏನೋ.

ಕಷ್ಟದ ಭಾಗ ಆ ಕಿರಿಯಳ ಪಕ್ಕ ಕುಳಿತು ಪಟ್ಟಿ ಬರೆಯುವುದಾಗಿತ್ತು. ಮೊದಲ ದಿನ ನಾನು ಮುಖ ಗಂಟಿಕ್ಕಿಕೊಂಡೇ ಕುಳಿತೆ. ಅವಳು ಪೆನ್ಸಿಲ್ ನನ್ನ ಕಡೆ ಸರಿಸಿ, “ಅಕ್ಕಾ, ನೀವು ನನ್ನ ಮ್ಯಾಲೆ ಸಿಟ್ಟಾದ್ರೂ ನಡೀತೈತ್ರಿ. ಆದ್ರ ನೈಟ್ ಡ್ಯೂಟಿ ಮುಗಿಸಿದವರಿಗೆ ಮರುದಿನ ಮುಂಜಾನಿ ಹಾಕಬ್ಯಾಡ್ರಿ,” ಎಂದಳು. ನಾನು ಹಾಗೆಯೇ ಹಾಕಿಬಿಟ್ಟಿದ್ದೆ. ಒಬ್ಬಳ ರಜೆ ಒಪ್ಪಿದರೆ ಇನ್ನೊಬ್ಬಳ ಭಾನುವಾರ ಹೋಗುತ್ತದೆ, ಹೊಸಬರಿಬ್ಬರನ್ನೇ ಒಂದು ಪಾಳಿಗೆ ಬಿಡುವಂತಿಲ್ಲ; ರೋಗಿಯ ನಾಡಿ ಹಿಡಿದಷ್ಟು ಸಲೀಸಾಗಿ ಅದು ಕೈಗೆ ಬರಲಿಲ್ಲ. ಅವಳು ಕಲಿಸಿದಳು. ಸಿಟ್ಟು ಇಟ್ಟುಕೊಂಡೇ ಕಲಿತೆ.

ಮುಂದಿನ ವರ್ಷ ಎರಡು ಹುದ್ದೆ ಖಾಲಿಯಾದವು. ಸಂದರ್ಶನದಲ್ಲಿ ಅದೇ ಆಡಳಿತಾಧಿಕಾರಿ ಕೇಳಿದರು: “ಮನ್ಯಾಗ ಎರಡು ಸಣ್ಣ ಮಕ್ಕಳದಾವ. ಹೊತ್ತಲ್ಲದ ಹೊತ್ತಿನ್ಯಾಗ ಕರದ್ರ ಬರ್ತೀರೇನು?”

ನಾನು ಆ ತಿದ್ದಿದ ಪತ್ರವನ್ನು ಮೇಜಿನ ಮೇಲಿಟ್ಟೆ. “ಇದರಾಗ ಆ ಪ್ರಶ್ನಿ ಇಲ್ರಿ ಸರ್. ಇದ್ದದ್ದು ಕೇಳ್ರಿ. ಟ್ರಾಲಿ ತಪಾಸಣಿ ವರದಿ, ಹತ್ತು ತಿಂಗಳ ಪಟ್ಟಿ ತಂದೇನಿ.”

ಸೂಪರಿಂಟೆಂಡೆಂಟರು ಆ ವರದಿಗಳನ್ನು ತಮ್ಮ ಕಡೆ ಎಳೆದುಕೊಂಡರು. “ಅವಳು ಹೇಳಿದ್ದು ಬರೋಬ್ಬರಿ ಐತಿ,” ಎಂದಷ್ಟೇ ಹೇಳಿ, ಮೊದಲ ವರದಿ ಬಿಚ್ಚಿ ಪ್ರಶ್ನೆ ಶುರುಮಾಡಿದರು. ಒಂದನ್ನೂ ಸಡಿಲ ಬಿಡಲಿಲ್ಲ.

ಆದೇಶ ಎರಡು ವಾರಕ್ಕೆ ಬಂತು. ಮಕ್ಕಳ ವಾರ್ಡಿನ ಇನ್‌ಚಾರ್ಜ್. ಸೂಪರಿಂಟೆಂಡೆಂಟರ ಕೋಣೆಯಲ್ಲಿ ಸಹಿ ಮಾಡಿ ಪ್ರತಿ ತೆಗೆದುಕೊಂಡು ಬಾಗಿಲವರೆಗೆ ಬಂದಿದ್ದೆ. ಧನ್ಯವಾದ ಎನ್ನಬೇಕೆಂದು ನನಗೆ ಹೊಳೆಯಲೂ ಇಲ್ಲ. ಅದು ಯಾರೂ ದಯಪಾಲಿಸಿದ್ದಾಗಿರಲಿಲ್ಲ.

“ಇನ್ನೂ ಸಿಟ್ಟು ಇಳಿದಿಲ್ಲೇನು?” ಎಂದು ಸೂಪರಿಂಟೆಂಡೆಂಟರು ಹಿಂದಿನಿಂದ ಕೇಳಿದರು.

“ಇಲ್ರಿ.”

“ಇರಲಿ ಬಿಡು. ಆ ವಾರ್ಡಿಗೆ ಎರಡು ವರ್ಷದಿಂದ ಇನ್ನೊಂದು ನೆಬ್ಯುಲೈಸರ್ ಮಷೀನ್ ಕೇಳಾಕತ್ತೇನಿ, ಆಡಳಿತಾಧಿಕಾರಿ ಕೊಟ್ಟಿಲ್ಲ. ನಾಳಿಂದ ನೀ ಕೇಳು.”