ಅತ್ತೆಯ ಪಿತ್ತಕೋಶದ ಕಲ್ಲುಗಳು

ಬಂಗಾರಪೇಟೆಯ ಆಸ್ಪತ್ರೆಯಲ್ಲಿ ನಾನು ಡ್ಯೂಟಿ ಡಾಕ್ಟರಾಗಿ ಸೇರಿದ ಹೊಸತು. ಒಂದು ಸೋಮವಾರ ಬೆಳಿಗ್ಗೆ ಹೊರರೋಗಿಗಳ ಸಾಲಿನಲ್ಲಿ ನಮ್ಮ ಅತ್ತೆ ನಿಂತಿದ್ದಳು. ಅಪ್ಪನ ಅಕ್ಕ, ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯಲ್ಲಿ ಎರಡು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುವವಳು. ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನಿನ ಮನೆಯಲ್ಲಿ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಇವಳೇ. ಮಗಳ ಹತ್ತಿರ ಬಂದೆ ಅಂತ ಒಳಗೆ ನುಗ್ಗದೆ ಚೀಟಿ ಹಿಡಿದು ಸರದಿಗೆ ಕಾಯುತ್ತಿದ್ದಳು.

"ಗ್ಯಾಸು ಕಣಮ್ಮಿ. ಮೆಡಿಕಲ್ ಶಾಪಿನ ಮಾತ್ರೆ ನುಂಗಿ ನುಂಗಿ ಸಾಕಾಯ್ತು. ಒಂದು ಎಕ್ಸ್‌ರೇ ತಗದ್ಬುಡು" ಅಂದಳು.

"ಎಕ್ಸ್‌ರೇ ಆಮೇಲೆ. ನೋವು ಎಲ್ಲಿ ಬರ್ತದೆ ಅತ್ತೆ?"

ಒಂದೇ ಬೆರಳಿನಲ್ಲಿ ತೋರಿಸದೆ, ಅಂಗೈ ಪೂರ್ತಿ ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿಟ್ಟಳು. "ಇಲ್ಲಿ ಇಡ್ಕಂತದೆ. ಆಮೇಲೆ ಬೆನ್ನಾಗೆ, ಬಲಗಡೆ ರೆಕ್ಕೆ ಮೂಳೆ ತಾವ ಓಗ್ತದೆ."

"ಯಾವಾಗ?"

"ನೆನ್ನೆ ಮಟನ್ ಸಾರು ಉಂಡ ಮೇಲೆ ಬಂತು. ಆವತ್ತು ನಿಮ್ಮ ಚಿಕ್ಕಪ್ಪನ ಮನೇಲಿ ತುಪ್ಪ ಸುರ್ಕಂಡು ಒಬ್ಬಟ್ಟು ತಿಂದಾಗ್ಲೂ ಬಂದಿತ್ತು. ಗಂಟೆ, ಎರಡು ಗಂಟೆ ಒದ್ದಾಡಿಸ್ತದೆ, ವಾಂತಿನೂ ಆಗ್ತದೆ. ಆಮೇಲೆ ಏನೂ ಇಲ್ದಂಗೆ ಓಗ್ಬುಡ್ತದೆ. ಮುದ್ದೆ, ಬಸ್ಸಾರು ಉಂಡ್ರೆ ಏನೂ ಇಲ್ಲ."

ಕೇಳುತ್ತಾ ಕೇಳುತ್ತಾ ನನ್ನ ತಲೆಯಲ್ಲಿ ಒಂದೊಂದೇ ಲಕ್ಷಣ ತನ್ನ ಜಾಗಕ್ಕೆ ಕೂತಿತು. ಪಕ್ಕದ ಮೇಜಿನಲ್ಲಿದ್ದ ಹಿರಿಯ ವೈದ್ಯೆ ತಮ್ಮ ಕೆಲಸ ಬಿಟ್ಟು ಕೇಳಿಸಿಕೊಳ್ಳುತ್ತಿದ್ದರು. ಅತ್ತೆಯನ್ನು ಮಲಗಿಸಿ, ಬಲಪಕ್ಕೆಯ ಕೆಳಗೆ ಬೆರಳಿಟ್ಟು ಉಸಿರೆಳೆಯಲು ಹೇಳಿದೆ. ಸ್ವಲ್ಪ ಮುಖ ಕಿವುಚಿದಳು, ಉಸಿರು ಮಾತ್ರ ತಡೆಯಲಿಲ್ಲ. ಜ್ವರವಿಲ್ಲ. ಕಣ್ಣು ಹಳದಿಯಾಗಿಲ್ಲ. ಮೂತ್ರದ ಬಣ್ಣವೂ ಎಂದಿನಂತೆಯೇ ಇದೆಯಂತೆ.

"ಏನು ಅನ್ಕೊಂಡಿದ್ದೀರಿ ಡಾಕ್ಟ್ರೇ?" ಎಂದರು ಹಿರಿಯರು.

"ಪಿತ್ತಕೋಶದ ಕಲ್ಲು ಮೇಡಂ. ಕೊಬ್ಬು ತಿಂದಾಗ ಪಿತ್ತಕೋಶ ಹಿಂಡಿಕೊಳ್ಳುತ್ತೆ, ಆಗ ಕಲ್ಲು ಅದರ ಬಾಯಿಗೆ ಅಡ್ಡ ಬರುತ್ತೆ. ಅದು ಸರಿದರೆ ನೋವು ಹೋಗುತ್ತೆ. ಹುಣ್ಣಾಗಿದ್ದರೆ ಹೊಟ್ಟೆ ಉರಿ ಇರ್ತಿತ್ತು, ಮಾತ್ರೆಗೆ ಒಂದಿಷ್ಟಾದರೂ ತಗ್ಗಬೇಕಿತ್ತು. ಉಸಿರು ತಡೆಯದ್ದರಿಂದ, ಜ್ವರ ಇಲ್ಲದ್ದರಿಂದ ಸದ್ಯಕ್ಕೆ ಉರಿಯೂತ ಇಲ್ಲ ಅನ್ಸುತ್ತೆ."

"ಮತ್ತೆ ಈ ವಯಸ್ಸಿನವರಿಗೆ?"

"ಮೊದಲು ಇಸಿಜಿ. ಹೃದಯದ ನೋವೂ ಇಲ್ಲೇ ಕಾಣಿಸಿಕೊಳ್ಳಬಹುದು. ಆಮೇಲೆ ರಕ್ತ: ಬಿಳಿ ಕಣ, ಲಿವರ್ ಪರೀಕ್ಷೆ, ಮೇದೋಜೀರಕ ಗ್ರಂಥಿಗೆ ಲೈಪೇಸ್. ಖಚಿತ ಮಾಡೋಕೆ ಅಲ್ಟ್ರಾಸೌಂಡ್. ಎಕ್ಸ್‌ರೇಯಲ್ಲಿ ಈ ಕಲ್ಲುಗಳು ಹೆಚ್ಚಿನವು ಕಾಣೋದೇ ಇಲ್ಲ."

ಅವರು ತಲೆಯಾಡಿಸಿದರು. "ಬರೀರಿ" ಅಂದರು, ಅಷ್ಟೇ. ಆ ಒಂದು ಮಾತಿಗೆ ನನ್ನ ಎದೆ ಉಬ್ಬಿತು.

ಇಸಿಜಿ ಚೆನ್ನಾಗಿತ್ತು. ಸ್ಕ್ಯಾನಿನ ಕೋಣೆಯಲ್ಲಿ ಮಾತ್ರ ತೊಡಕಾಯಿತು. ಅತ್ತೆ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದು ಬನ್ನು ತಿಂದು ಬಂದಿದ್ದಳು. ಪಿತ್ತಕೋಶ ಹಿಂಡಿಕೊಂಡು ಮುದುಡಿ ಕೂತಿತ್ತು. "ಸರಿಯಾಗಿ ಕಾಣ್ತಿಲ್ಲ, ನಾಳೆ ಖಾಲಿ ಹೊಟ್ಟೇಲಿ ಕರ್ಕೊಂಡು ಬನ್ನಿ" ಅಂದರು ಸ್ಕ್ಯಾನ್ ಮಾಡುವ ವೈದ್ಯರು.

ಅತ್ತೆ ಸಿಡುಕಿದಳು. "ನಾಳೆ ಆಲು ಕರೆಯೋರ್ಯಾರು?"

"ಪಕ್ಕದ ಮನೆಯವರಿಗೆ ಹೇಳ್ತೀನಿ. ನೀನು ಇಲ್ಲೇ ಉಳೀತೀಯ" ಅಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಓದಲು ಎಬ್ಬಿಸುವಾಗ ಅವಳು ಗದರುತ್ತಿದ್ದ ದನಿಯೇ ಅದು.

ಮಾರನೆಯ ದಿನ ತೆರೆಯ ಮೇಲೆ ಪಿತ್ತಕೋಶ ತುಂಬಿ ಕರ್ರಗೆ ಕಂಡಿತು. ಅದರ ತಳದಲ್ಲಿ ಬೆಳ್ಳಗೆ ಹೊಳೆಯುವ ಮೂರು ಕಲ್ಲು, ಪ್ರತಿಯೊಂದರ ಹಿಂದೆ ಉದ್ದನೆಯ ಕಪ್ಪು ನೆರಳು. ಅತ್ತೆಯನ್ನು ಎಡಕ್ಕೆ ಹೊರಳಿಸಿದಾಗ ಮೂರೂ ಉರುಳಿದವು. ಕೋಶದ ಗೋಡೆ ದಪ್ಪಗಾಗಿರಲಿಲ್ಲ, ಪಿತ್ತನಾಳ ಹಿಗ್ಗಿರಲಿಲ್ಲ. ರಕ್ತದ ವರದಿಗಳೂ ಸರಿಯಾಗಿದ್ದವು. ಆದ್ದರಿಂದ ನಾಳದಲ್ಲಿ ಕಲ್ಲು ಹುಡುಕುವ ಎಂಆರ್‌ಐ ಸದ್ಯಕ್ಕೆ ಬೇಕಿರಲಿಲ್ಲ.

"ನೋಡು ಅತ್ತೆ, ಇವೇ."

ಅವಳು ಕತ್ತು ತಿರುಗಿಸಿ ನೋಡಿದಳು. "ಅಯ್ಯೋ, ಅವರೆಕಾಳಿನಷ್ಟು ಅವೆಯಲ್ಲ! ಇವು ಇಷ್ಟೆಲ್ಲ ಕುಣಿಸಿದ್ವಾ?"

ಕೋಲಾರದ ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆಗೆ ಸಣ್ಣ ತೂತು ಮಾಡಿ ಪಿತ್ತಕೋಶವನ್ನೇ ತೆಗೆದರು. ಕಲ್ಲು ಮಾತ್ರ ತೆಗೆದರೆ ಮತ್ತೆ ಹುಟ್ಟುತ್ತವೆ ಅಂತ ಶಸ್ತ್ರವೈದ್ಯರು ವಿವರಿಸಿದಾಗ ಅತ್ತೆ ಹೆದರಲಿಲ್ಲ, "ಬೇರು ಸಮೇತ ಕೀಳಿ ಸ್ವಾಮಿ" ಅಂದಳು. ಆಪರೇಷನ್ನಿನ ಮಾರನೆಯ ದಿನ ನಾನು ಹೋದಾಗ ವಾರ್ಡಿನಲ್ಲಿ ಗೋಡೆ ಹಿಡಿಯದೆ ನಡೆಯುತ್ತಿದ್ದಳು. ಪಕ್ಕದ ಮಂಚದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇವ್ಳೇ ಕಣಮ್ಮ" ಅಂದಳು ಅತ್ತೆ ಅವರಿಗೆ. "ಬರೀ ಕೇಳಿ, ಕೈಯಿಟ್ಟು ನೋಡಿ ಯೋಳ್ಬುಟ್ಲು. ಸ್ಕ್ಯಾನ್ ಮಿಸೀನು ಆಮೇಲೆ ಊಂ ಅಂತು."