ಹತ್ತಕ್ಕೊಂದು ಸ್ಲೈಡು

ಬೆಳಕು ಹರಿಯುವ ಮೊದಲು ಅವಳು ಮಾಡಿ ಮುಗಿಸುತ್ತಿದ್ದದ್ದು ಇಷ್ಟು: ನೆನೆಹಾಕಿದ ಪಾತ್ರೆ ತೊಳೆಯುವುದು, ಹಾಲು ಕಾಯಿಸುವುದು, ಮಗಳ ಸಮವಸ್ತ್ರಕ್ಕೆ ಇಸ್ತ್ರಿ, ಅತ್ತೆಯ ಬಿಪಿ ಮಾತ್ರೆ ತೆಗೆದಿಡುವುದು, ಗಂಡ ಒಣಹಾಕಿದ ಬಟ್ಟೆಯನ್ನು ತೆಗೆದು ಕೊಡವಿ ಮತ್ತೆ ಒಣಹಾಕುವುದು, ನಾಲ್ವರ ತಿಂಡಿ, ಮೂರು ಡಬ್ಬಿ. ಆಮೇಲೆ ಆರಕ್ಕೆ ಆಸ್ಪತ್ರೆಯ ಲ್ಯಾಬಿನ ಬೀಗ ತೆಗೆದು, ಹಿಂದಿನ ದಿನ ಬೇರೆಯವರು ನೋಡಿ ಮುಗಿಸಿದ ಸ್ಲೈಡುಗಳನ್ನೆಲ್ಲ ಮತ್ತೆ ನೋಡುವುದು. ಈ ಕೊನೆಯದಕ್ಕೆ ಮುಖ್ಯಸ್ಥೆ ಅಂತ ಒಂದು ಹೆಸರಾದರೂ ಇತ್ತು. ಉಳಿದವನ್ನು ಯಾರೂ ಕೆಲಸ ಅಂತ ಕರೆದಿರಲಿಲ್ಲ.

ಹದಿನೈದು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಹೆಂಗಸರ ಗರ್ಭಕಂಠದಿಂದ ತೆಗೆದು ಗಾಜಿಗೆ ಸವರಿ ಬಣ್ಣ ಹಾಕಿದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಮೂಲೆಯಿಂದ ಮೂಲೆಗೆ ನೋಡುವುದು. ಅನುಮಾನ ಬಂದ ಕಡೆ ಗಾಜಿನ ಮೇಲೆ ಶಾಯಿಯ ಚುಕ್ಕಿ ಇಡುವುದು. ಚುಕ್ಕಿ ಇದ್ದ ಗಾಜು ಲ್ಯಾಬಿನ ಡಾಕ್ಟರಮ್ಮನ ಮೇಜಿಗೆ ಹೋಗುತ್ತದೆ. ಚುಕ್ಕಿ ಇಲ್ಲದವುಗಳಲ್ಲಿ ಹತ್ತಕ್ಕೊಂದನ್ನು ಮುಖ್ಯಸ್ಥರು ಮತ್ತೆ ನೋಡಬೇಕು, ಉಳಿದವು ‘ತೊಂದರೆಯಿಲ್ಲ’ ಅಂತ ಹೊರಡುತ್ತವೆ. ಅವಳ ಕಣ್ಣು ಹದ್ದಿನ ಕಣ್ಣು ಅಂತ ಹೆಸರಾಗಿತ್ತು. ಅದಕ್ಕೇ ಅವಳನ್ನು ಸ್ಲೈಡು ನೋಡುವ ಮೂವರ ಮೇಲೆ ಮುಖ್ಯಸ್ಥೆಯಾಗಿ ಕೂರಿಸಿದರು.

ಕೂತವಳು ಹತ್ತಕ್ಕೊಂದನ್ನು ನೋಡಲಿಲ್ಲ. ಹತ್ತಕ್ಕೆ ಹತ್ತನ್ನೂ ನೋಡಿದಳು.

ಎರಡು ತಿಂಗಳಲ್ಲಿ, ವಾರದೊಳಗೆ ಬರುತ್ತಿದ್ದ ವರದಿ ಮೂರು ವಾರ ಹಿಡಿಯತೊಡಗಿತು. ಹೆರಿಗೆ ವಿಭಾಗದ ನರ್ಸು ಫೋನಿನಲ್ಲೇ ಜಾಡಿಸಿದಳು: “ಇಲ್ಲಿ ಹೆಂಗಸರು ಊಟ ನಿದ್ದೆ ಬಿಟ್ಟು ಕಾಯ್ತಿದಾರೆ ತಾಯಿ. ಗಾಜು ನೋಡ್ತಿದೀರೋ, ಗಾಜು ತಯಾರು ಮಾಡ್ತಿದೀರೋ?”

ಡಾಕ್ಟರಮ್ಮ ಮೆಲ್ಲಗೆ ಕೇಳಿದರು: “ದಿನಕ್ಕೆ ಎಷ್ಟು ನೋಡ್ತೀಯ?”

“ನೂರೈವತ್ತು.”

“ನೂರೈವತ್ತನೇದು ನಿಂಗೆ ಕಾಣುತ್ತಾ?”

ಅವಳು ಮುಂದಿನ ಗಾಜು ಎತ್ತಿಕೊಂಡಳು. ಕಾಣುತ್ತದೆ ಅಂತಲೇ ನಂಬಿದ್ದಳು.

ಮೂವರಲ್ಲಿ ಚಿಕ್ಕವಳಿಗೆ ಚುಕ್ಕಿ ಅಂತಲೇ ಅಡ್ಡಹೆಸರು. ಸೇರಿದ ಹೊಸದರಲ್ಲಿ ಪ್ರತಿ ಗಾಜಿಗೂ ಸಿಡುಬು ಎದ್ದ ಹಾಗೆ ಚುಕ್ಕಿ ಇಡುತ್ತಿದ್ದಳು. ಡಾಕ್ಟರಮ್ಮ ಕೇಳಿದ ಮರುದಿನ ಬೆಳಿಗ್ಗೆ ಅದೇ ಹುಡುಗಿಯ ಸ್ಲೈಡಿನ ತಟ್ಟೆಯಲ್ಲಿ ಒಂದೂ ಚುಕ್ಕಿಯಿಲ್ಲದ ಗಾಜಿನಲ್ಲಿ, ಅಂಚಿನ ಹತ್ತಿರ, ಕಪ್ಪು ಉಬ್ಬಿದ ಕೋಶಗಳ ಸಣ್ಣ ಗುಂಪು ಸಿಕ್ಕಿತು.

ಹುಡುಗಿ ಬಂದ ತಕ್ಷಣ ಮುಖ್ಯಸ್ಥೆ ಕೇಳಿದಳು: “ಇದು ಕಾಣಲಿಲ್ವಾ ನಿಂಗೆ?”

“ಕಂಡಿತ್ತು ಅಕ್ಕ. ಸ್ವಲ್ಪ ಅನುಮಾನ ಇತ್ತು.”

“ಮತ್ತೆ ಚುಕ್ಕಿ ಯಾಕೆ ಇಡಲಿಲ್ಲ?”

“ನಾನು ಇಟ್ರೂ ನೀವು ನೋಡ್ತೀರ, ಇಡದಿದ್ರೂ ನೋಡ್ತೀರ. ತಪ್ಪಿಟ್ಟು ಬೈಸಿಕೊಳ್ಳೋದ್ಯಾಕೆ ಅಂತ ಬಿಟ್ಟೆ.” ಹುಡುಗಿಯ ಕಣ್ಣು ತುಂಬಿತು. “ಎರಡು ತಿಂಗಳಿಂದ ನಾನು ನೋಡಿದ್ದಕ್ಕೆ ಏನು ಬೆಲೆ ಹೇಳಿ?”

ಪ್ರತಿ ಗಾಜನ್ನೂ ಎರಡು ಜೊತೆ ಕಣ್ಣು ಕಾಯುತ್ತಿವೆ ಅಂತ ಮುಖ್ಯಸ್ಥೆ ಅಂದುಕೊಂಡಿದ್ದಳು. ಕಾಯುತ್ತಿದ್ದದ್ದು ಒಂದೇ ಜೊತೆ, ಅದೂ ದಣಿದದ್ದು.

ಅವಳು ಬೈಯಲಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಇಬ್ಬರು ಎದುರುಬದುರು ಕೂತು ಒಂದೇ ಗಾಜು ನೋಡಬಹುದಾದ ಸೂಕ್ಷ್ಮದರ್ಶಕವನ್ನು ಒರೆಸಿದಳು. ದಿನಾ ಮಧ್ಯಾಹ್ನ ಒಂದು ಗಂಟೆ ಹೊತ್ತು, ಮೂವರಲ್ಲಿ ಒಬ್ಬೊಬ್ಬರ ಜೊತೆ ಕೂತಳು. ಮೊದಲು ಅವರು ಹೇಳಬೇಕು, ಆಮೇಲೆ ತಾನು. ಬಾಯಿ ಮುಚ್ಚಿಕೊಂಡು ಕೂರುವುದು ನೂರೈವತ್ತು ಗಾಜಿಗಿಂತ ಕಷ್ಟವಾಯಿತು. ಮೂರನೇ ವಾರ ಚುಕ್ಕಿಯೇ ರೇಗಿಸಿದಳು: “ಅಕ್ಕ, ತುಟಿ ಕಚ್ಚಿಕೊಂಡಿದೀರ. ಅಂದ್ರೆ ನಾನು ಏನೋ ಬಿಟ್ಟಿದೀನಿ!” ಹುಡುಕಿ, ಸರಿಯಾದ ಜಾಗದಲ್ಲೇ ಚುಕ್ಕಿ ಇಟ್ಟಳು.

ಮನೆಯಲ್ಲೂ ಒಂದು ಮಾತಾಡಿದಳು. ಬೆಳಗಿನ ತಿಂಡಿ ಇನ್ನು ಗಂಡನದು.

“ನಂಗೆ ಬರಲ್ವಲ್ಲೇ.”

“ಹುಟ್ಟುವಾಗ ನಂಗೂ ಬರ್ತಿರಲಿಲ್ಲ.”

ಅತ್ತೆ ಹಲ್ಲುಸೆಟ್ಟು ಹಾಕಿಕೊಳ್ಳುತ್ತ ಅಂದರು: “ಮಾಡಲಿ ಬಿಡು. ಸೀದರೆ ಅವನೇ ತಿಂತಾನೆ. ನೀನು ಮಾತ್ರ ಹಿಂದಿನಿಂದ ಹೋಗಿ ತಿರುವಿ ಹಾಕಬೇಡ.”

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಲ್ಯಾಬಿನಲ್ಲಿ ಅವಳೊಬ್ಬಳೇ. ಎದುರಿಗೆ ಚುಕ್ಕಿ ನೋಡಿ ಮುಗಿಸಿದ ಸ್ಲೈಡುಗಳ ತಟ್ಟೆ. ಅನುಮಾನದ ಮೂರು ಗಾಜು ಆಗಲೇ ಡಾಕ್ಟರಮ್ಮನ ಮೇಜಿನಲ್ಲಿದ್ದವು, ಒಂದೊಂದಕ್ಕೂ ಶಾಯಿಯ ಚುಕ್ಕಿಯಿತ್ತು. ಉಳಿದವು ಐವತ್ತು. ಕಣ್ಣು ಮುಚ್ಚಿ ಐದನ್ನು ಆರಿಸಿ, ಒಂದೊಂದನ್ನೂ ಮೂಲೆಯಿಂದ ಮೂಲೆಗೆ, ಆತುರವಿಲ್ಲದೆ ನೋಡಿದಳು. ಐದೂ ಸರಿಯಿದ್ದವು.

ನಲವತ್ತೈದು ಉಳಿದವು. ಎಲ್ಲರೂ ಬರಲು ಎರಡು ಗಂಟೆಯಿತ್ತು. ಇನ್ನು ಹತ್ತು ನೋಡಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈ ಆರನೆಯ ಗಾಜಿನ ಮೇಲೆ ಹೋಗಿ ನಿಂತಿತು. ಚೂಪು ಕಣ್ಣಿನ ಒಬ್ಬಳು ಇದನ್ನು ನೋಡಿದ್ದಾಳೆ ಎಂದು ಅವಳಿಗೆ ಈಗ ಗೊತ್ತಿತ್ತು, ಕಲಿಸಿದವಳು ತಾನೇ.

ಗಾಜನ್ನು ತಟ್ಟೆಯಲ್ಲೇ ಬಿಟ್ಟು ಕಂಪ್ಯೂಟರಿನ ಮುಂದೆ ಕೂತಳು. ಐವತ್ತೂ ವರದಿಗಳನ್ನು ಹೊರಗೆ ಕಳಿಸಿದಳು.